ಬಾಡಿಗೆಗೆ ಬಂದವರ ಕೈಗೆ ಕೊಡುವ ಹಾಳೆಯಲ್ಲಿ ಏನಿರಬೇಕು?

ಪ್ರಶ್ನೆ: ಎಂಟು ಮನೆಗಳ ಬಾಡಿಗೆ ಕಟ್ಟಡ ನಮ್ಮದು. ಹೊಸದಾಗಿ ಬರುವವರಿಗೆ ನೀರು ಬಿಡುವ ಹೊತ್ತು, ಕಸ, ಪಾರ್ಕಿಂಗ್, ತುರ್ತು ನಂಬರು, ರಿಪೇರಿಗೆ ಯಾರನ್ನು ಕರೆಯಬೇಕು, ಎಲ್ಲವನ್ನೂ ಆರು ಪುಟ ಟೈಪ್ ಮಾಡಿಸಿ ಕೊಡುತ್ತೇನೆ. ಆದರೂ ಮೊದಲ ಎರಡು ತಿಂಗಳು ಹೊತ್ತುಗೊತ್ತಿಲ್ಲದೆ ಫೋನ್ ಬರುತ್ತಲೇ ಇರುತ್ತದೆ, ಅದರಲ್ಲೂ ನೀರಿನ ವಿಷಯಕ್ಕೆ. ಎಲ್ಲಿ ಎಡವುತ್ತಿದ್ದೇನೆ?

ಉತ್ತರ: ನಿಮ್ಮ ಆರು ಪುಟಗಳನ್ನು ನಾನು ನೋಡಿಲ್ಲ. ಆದರೆ ಇಂಥ ಕೈಪಿಡಿಗಳನ್ನು ಬೇಕಾದಷ್ಟು ಓದಿದ್ದೇನೆ, ಮೊದಮೊದಲು ನಾನೇ ಬರೆದಿದ್ದೇನೆ ಕೂಡ. ಅವುಗಳಲ್ಲಿ ಬಹುಪಾಲು ಎಲ್ಲ ಸರಿಯಿರುವ ದಿನದ ಬಗ್ಗೆ ಬರೆದಿರುತ್ತವೆ. "ನೀರು ಬೆಳಿಗ್ಗೆ 6ರಿಂದ 8" ಅಂದರೆ 6ಕ್ಕೆ ನೀರು ಬಂದ ದಿನ ಆ ಸಾಲು ಯಾರಿಗೂ ಬೇಕಾಗುವುದಿಲ್ಲ. 6:20 ಆದರೂ ನಲ್ಲಿಯಲ್ಲಿ ಹನಿಯಿಲ್ಲ, ತಲೆಗೆ ಸೋಪು ಹಚ್ಚಿಕೊಂಡು ನಿಂತಿದ್ದಾರೆ, ಆಗ ಅವರು ಹಾಳೆ ಹುಡುಕುತ್ತಾರೆ. ಹಾಳೆಯಲ್ಲಿ ಅದಕ್ಕೆ ಉತ್ತರವಿಲ್ಲದಿದ್ದರೆ ನಿಮಗೆ ಫೋನ್ ಮಾಡುತ್ತಾರೆ. ಹಾಗಾಗಿ ನೀರಿನ ಪುಟದಿಂದಲೇ ಶುರು ಮಾಡೋಣ. ಅದು ಸರಿಹೋದರೆ ಮಿಕ್ಕ ಪುಟಗಳನ್ನು ಹೇಗೆ ಬರೆಯಬೇಕೆಂಬುದು ತಾನಾಗಿ ತಿಳಿಯುತ್ತದೆ.

ಮೊದಲು ಗಮನಿಸಬೇಕಾದದ್ದು: "ನೀರಿನ ಸಮಯ" ಎಂಬ ಒಂದೇ ಮಾತಿನೊಳಗೆ ಮೂರು ಬೇರೆಬೇರೆ ಸಮಯಗಳಿವೆ. ಬೀದಿಯ ಕೊಳವೆಯಿಂದ ಸಂಪಿಗೆ ನೀರು ಬರುವ ಹೊತ್ತು ಒಂದು. ಸಂಪಿನಿಂದ ಮೇಲಿನ ಟ್ಯಾಂಕಿಗೆ ಮೋಟಾರ್ ಹಾಕುವ ಹೊತ್ತು ಇನ್ನೊಂದು. ಮನೆಯ ನಲ್ಲಿಯಲ್ಲಿ ನೀರು ಸಿಗುವ ಹೊತ್ತು ಮೂರನೆಯದು. ಸಂಪು, ಟ್ಯಾಂಕು ಎರಡೂ ಇರುವ ಕಟ್ಟಡದಲ್ಲಿ ನಲ್ಲಿಯಲ್ಲಿ ಇಡೀ ದಿನ ನೀರಿರಬೇಕು. ಹಾಳೆಯಲ್ಲಿ ಬರಿ "6ರಿಂದ 8" ಎಂದಿದ್ದರೆ ಹೊಸಬರು 8 ಗಂಟೆಯ ಮೇಲೆ ನೀರೇ ಇರುವುದಿಲ್ಲವೆಂದು ತಿಳಿದು ಇದ್ದಬದ್ದ ಬಕೆಟ್ಟನ್ನೆಲ್ಲ ತುಂಬಿಡುತ್ತಾರೆ, ಮಾರನೆಯ ದಿನ ಅದನ್ನೇ ಚೆಲ್ಲುತ್ತಾರೆ. ಮೂರನ್ನೂ ಬಿಡಿಸಿ, ಒಂದೊಂದು ಸಾಲಿನಲ್ಲಿ ಬರೆಯಿರಿ.

ಆಮೇಲೆ ನಿಮ್ಮ ಸಂಪು ಎಷ್ಟು ದಿನ ತಾಳುತ್ತದೆ ಎಂಬುದು ನಿಮಗೇ ಗೊತ್ತಿರಬೇಕು. ಇದಕ್ಕೆ ಮೀಟರ್ ಬೇಡ, ಅಳತೆಪಟ್ಟಿ ಮತ್ತು ಒಂದು ಉದ್ದನೆಯ ಕೋಲು ಸಾಕು. ನಾನು ನೋಡಿಕೊಳ್ಳುವ ಒಂದು ಎಂಟು ಮನೆಯ ಕಟ್ಟಡದ ಲೆಕ್ಕವನ್ನೇ ಹೇಳುತ್ತೇನೆ. ಸಂಪಿನ ಒಳ ಅಳತೆ 3 ಮೀಟರ್ ಉದ್ದ, 2 ಮೀಟರ್ ಅಗಲ. ಅಂದರೆ ನೀರು 10 ಸೆಂಟಿಮೀಟರ್ ಇಳಿದರೆ 600 ಲೀಟರ್ ಖರ್ಚಾಯಿತು ಎಂದರ್ಥ. ಹೊಸ ನೀರು ಬರದ ಒಂದು ದಿನ ಆರಿಸಿಕೊಂಡು, ಬೆಳಿಗ್ಗೆ ಟ್ಯಾಂಕ್ ತುಂಬಿಸಿ ಮೋಟಾರ್ ನಿಲ್ಲಿಸಿದೆ; ಸಂಪಿಗೆ ಕೋಲು ಇಳಿಸಿ ಗುರುತು ಮಾಡಿದೆ. ಮರುದಿನ ಅದೇ ಹೊತ್ತಿಗೆ ಟ್ಯಾಂಕನ್ನು ಮತ್ತೆ ತುಂಬಿಸಿ ನೋಡಿದಾಗ ಸಂಪಿನ ನೀರು 60 ಸೆಂಟಿಮೀಟರ್ ಇಳಿದಿತ್ತು. ಎಂಟು ಮನೆಗಳ ಒಂದು ದಿನದ ಖರ್ಚು 3,600 ಲೀಟರ್ ಎಂದಾಯಿತು.

ಅಲ್ಲಿ ಮೋಟಾರಿನ ಫುಟ್‌ವಾಲ್ವ್‌ನಿಂದ ಮೇಲಕ್ಕೆ ಲೆಕ್ಕ ಹಿಡಿದರೆ ಬಳಸಲು ಸಿಗುವ ಆಳ ಒಂದೂವರೆ ಮೀಟರ್, ಅಂದರೆ 9,000 ಲೀಟರ್. ತಳದಲ್ಲಿ ಉಳಿಯುವ ನೀರನ್ನು ಲೆಕ್ಕಕ್ಕೆ ಸೇರಿಸಬೇಡಿ, ಅದು ಮೋಟಾರಿಗೆ ಎಟುಕುವುದಿಲ್ಲ. ಮೇಲಿನ ಟ್ಯಾಂಕಿನಲ್ಲಿ 3,000 ಲೀಟರ್. ಬೀದಿ ನೀರು ದಿನ ಬಿಟ್ಟು ದಿನ. ಸರಿಯಾಗಿ ಬರುತ್ತಿರುವಷ್ಟು ದಿನ ಯಾವ ತೊಂದರೆಯೂ ಇಲ್ಲ. ಒಂದು ಸರದಿ ತಪ್ಪಿತು ಎಂದಿಟ್ಟುಕೊಳ್ಳಿ. ತುಂಬಿದ ಸಂಪಿನಿಂದ ಎರಡು ದಿನಕ್ಕೆ 7,200 ಲೀಟರ್ ಹೋಗಿದೆ, ಉಳಿದದ್ದು 1,800. ಟ್ಯಾಂಕಿನ 3,000 ಸೇರಿಸಿದರೆ 4,800. ಮುಂದಿನ ಸರದಿಗೆ ಇನ್ನೂ ಎರಡು ದಿನ, ಅದಕ್ಕೆ 7,200 ಬೇಕು. ಎಂದಿನಂತೆ ಖರ್ಚು ಮಾಡಿದರೆ ಮರುದಿನ ಮಧ್ಯಾಹ್ನದ ಹೊತ್ತಿಗೆ ನಲ್ಲಿಗಳು ಒಣಗುತ್ತವೆ. ಅದೇ, ಸರದಿ ತಪ್ಪಿದ ಬೆಳಿಗ್ಗೆಯಿಂದಲೇ ಎಲ್ಲ ಮನೆಯವರೂ ಮೂರರಲ್ಲಿ ಒಂದು ಪಾಲು ಖರ್ಚು ತಗ್ಗಿಸಿದರೆ ದಿನಕ್ಕೆ 2,400 ಲೀಟರ್ ಸಾಕಾಗುತ್ತದೆ, 4,800 ಲೀಟರ್ ಸರಿಯಾಗಿ ಎರಡು ದಿನ ಬರುತ್ತದೆ.

ಈ ಲೆಕ್ಕವನ್ನು ಹಾಳೆಯಲ್ಲಿ ಹಾಕಬೇಕಿಲ್ಲ. ಅದರಿಂದ ಹೊರಟ ಸಾಲನ್ನು ಹಾಕಿ: "ಬೀದಿ ನೀರು ತಪ್ಪಿದ ದಿನ ಬೆಳಿಗ್ಗೆ 9ರೊಳಗೆ ಮೆಟ್ಟಿಲ ಬಳಿಯ ಬೋರ್ಡಿನಲ್ಲಿ ಬರೆಯುತ್ತೇವೆ. ಬೋರ್ಡ್ ನೋಡಿದ ಮೇಲೆ ಮುಂದಿನ ಸರದಿಯವರೆಗೆ ವಾಷಿಂಗ್ ಮೆಷಿನ್ ಹಾಕಬೇಡಿ, ಶವರ್ ಬದಲು ಬಕೆಟ್‌ನಲ್ಲಿ ಸ್ನಾನ ಮಾಡಿ. ಅಷ್ಟು ಮಾಡಿದರೆ ನೀರು ನಿಲ್ಲುವುದಿಲ್ಲ." ನೋಡಿ, ಇಲ್ಲಿ "ನೀರನ್ನು ಮಿತವಾಗಿ ಬಳಸಿ" ಎಂಬ ಉಪದೇಶವಿಲ್ಲ. ಯಾವಾಗಿನಿಂದ, ಏನನ್ನು, ಎಲ್ಲಿಯವರೆಗೆ ಎಂಬುದಿದೆ. ಜನ ಇದನ್ನು ಪಾಲಿಸುತ್ತಾರೆ, ನಾನು ಕಂಡಿದ್ದೇನೆ. ಮಿತವಾಗಿ ಬಳಸಿ ಎಂದರೆ ಯಾರೂ ಪಾಲಿಸುವುದಿಲ್ಲ, ಏಕೆಂದರೆ ಪ್ರತಿಯೊಬ್ಬರೂ ತಾವು ಮಿತವಾಗಿಯೇ ಬಳಸುತ್ತಿದ್ದೇವೆ ಎಂದುಕೊಂಡಿರುತ್ತಾರೆ. ಎರಡು ಸರದಿ ಸಾಲಾಗಿ ತಪ್ಪಿದರೆ ಯಾವ ಮಿತವೂ ಸಾಲದು. ಟ್ಯಾಂಕರ್ ತರಿಸುವವರು ಯಾರು, ದುಡ್ಡು ಬಾಡಿಗೆಯಲ್ಲೇ ಸೇರಿದೆಯೋ ಹಂಚಿಕೆಯೋ ಎಂಬುದನ್ನೂ ಅದೇ ಜಾಗದಲ್ಲಿ ಬರೆದುಬಿಡಿ. ನೀರಿಗಿಂತ ಹೆಚ್ಚು ಜಗಳ ಆಗುವುದು ಈ ಹಂಚಿಕೆಯ ವಿಷಯಕ್ಕೆ.

ಇನ್ನು "ನೀರು ಬರುತ್ತಿಲ್ಲ" ಎಂಬ ಫೋನು. ಇದಕ್ಕೆ ಕಾರಣಗಳು ನಾಲ್ಕೈದೇ. ಯಾವುದೆಂದು ಬಾಡಿಗೆದಾರರೇ ಎರಡು ನಿಮಿಷದಲ್ಲಿ ಕಂಡುಹಿಡಿಯಬಹುದು, ನೋಡುವ ಕ್ರಮ ಹೇಳಿಕೊಟ್ಟರೆ ಸಾಕು. ಒಂದೇ ನಲ್ಲಿಯಲ್ಲಿ ನೀರು ಸಣ್ಣಗೆ ಬರುತ್ತಿದ್ದರೆ ಅದರ ಬಾಯಲ್ಲಿರುವ ಜಾಲರಿ ಕಟ್ಟಿದೆ; ತಿರುಗಿಸಿ ಬಿಚ್ಚಿ, ಹಳೆಯ ಹಲ್ಲುಜ್ಜುವ ಬ್ರಷ್‌ನಲ್ಲಿ ತೊಳೆದು ಹಾಕಿದರೆ ಆಯಿತು. ತಣ್ಣೀರು ಬಂದು ಬಿಸಿನೀರು ಮಾತ್ರ ಇಲ್ಲದಿದ್ದರೆ ಗೀಸರ್ ಕೆಳಗಿನ ವಾಲ್ವ್ ಮುಚ್ಚಿದೆಯೇ ನೋಡಬೇಕು. ಒಂದು ಬಚ್ಚಲುಮನೆಯಲ್ಲಿ ಪೂರಾ ಇಲ್ಲ, ಅಡುಗೆಮನೆಯಲ್ಲಿದೆ ಎಂದರೆ ಆ ಬಚ್ಚಲಿನ ವಾಲ್ವ್. ಮನೆಯಲ್ಲೆಲ್ಲೂ ಇಲ್ಲ, ಪಕ್ಕದ ಮನೆಯಲ್ಲಿದೆ ಎಂದರೆ ಟ್ಯಾಂಕಿನಿಂದ ಈ ಮನೆಗೆ ಇಳಿಯುವ ಪೈಪಿನ ವಾಲ್ವ್ ಮುಚ್ಚಿರಬೇಕು, ಇಲ್ಲವೇ ಟ್ಯಾಂಕ್ ಒಮ್ಮೆ ಬರಿದಾಗಿ ತುಂಬಿದ ಮೇಲೆ ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡಿರಬೇಕು. ಪಕ್ಕದ ಮನೆಯಲ್ಲೂ ಇಲ್ಲವಾದರೆ ಮಾತ್ರ ಟ್ಯಾಂಕ್ ಖಾಲಿ, ಆಗ ನಿಮಗೇ ಫೋನ್ ಮಾಡಬೇಕು. ಈ ಕ್ರಮವನ್ನು ಚಿಕ್ಕದರಿಂದ ದೊಡ್ಡದಕ್ಕೆ ಹೀಗೆಯೇ ಬರೆಯಿರಿ: ನಲ್ಲಿ, ಕೋಣೆ, ಮನೆ, ಕಟ್ಟಡ.

ಮೇಲಿನ ಮಹಡಿಯವರಿಗೆ ಇನ್ನೊಂದು ಸಾಲು ಬೇಕು. ನೀರಿನ ಒತ್ತಡ ಟ್ಯಾಂಕಿನ ಎತ್ತರದಿಂದ ಬರುತ್ತದೆ. ಒಂದು ಮೀಟರ್ ಎತ್ತರಕ್ಕೆ ಸುಮಾರು 0.1 ಬಾರ್. ನೆಲಮಹಡಿಯ ಶವರ್‌ಗೂ ಟ್ಯಾಂಕಿಗೂ ಹತ್ತು ಮೀಟರ್ ಅಂತರವಿದ್ದರೆ ಅಲ್ಲಿ 1 ಬಾರ್ ಸಿಗುತ್ತದೆ. ಕೊನೆಯ ಮಹಡಿಯ ಶವರ್ ಟ್ಯಾಂಕಿಗಿಂತ ಎರಡೇ ಮೀಟರ್ ಕೆಳಗಿದ್ದರೆ ಬರೀ 0.2. ಅಲ್ಲಿ ಶವರ್ ಸಣ್ಣಗೆ ಬರುವುದು ರಿಪೇರಿಯ ಮಾತಲ್ಲ, ಯಾವ ಪ್ಲಂಬರ್ ಬಂದರೂ ಜಾಲರಿ ತೊಳೆದು ಹೋಗಬಹುದು, ಅಷ್ಟೇ. ಕೆಲವು ವಾಷಿಂಗ್ ಮೆಷಿನ್‌ಗಳಿಗೂ ಆ ಒತ್ತಡ ಸಾಲದೆ "ನೀರಿಲ್ಲ" ಎಂದು ತೋರಿಸಿ ನಿಂತುಬಿಡುತ್ತವೆ. ಮೆಷಿನ್ ಕೊಳ್ಳುವ ಮೊದಲೇ ಅವರಿಗೆ ಇದು ತಿಳಿದಿರಲಿ.

ಈಗ ವಾಲ್ವಿನ ಮಾತು. ಇದನ್ನು ನಾನು ಪೆಟ್ಟು ತಿಂದು ಕಲಿತೆ. ಒಂದು ಕಟ್ಟಡದಲ್ಲಿ ರಾತ್ರಿ 11ರ ಸುಮಾರಿಗೆ ಅಡುಗೆಮನೆಯ ಸಿಂಕ್ ಕೆಳಗಿನ ಕನೆಕ್ಷನ್ ಪೈಪ್ ಒಡೆಯಿತು. ಬಾಡಿಗೆಗೆ ಬಂದು ಹದಿನೈದು ದಿನವಾಗಿದ್ದ ದಂಪತಿ. ಹಾಳೆಯಲ್ಲಿ ಪ್ಲಂಬರ್ ನಂಬರಿತ್ತು, ಅವರು ಫೋನೂ ಎತ್ತಿದರು. "ಮೊದಲು ವಾಲ್ವ್ ಮುಚ್ಚಿ, ನಾನು ಬರ್ತೀನಿ" ಅಂದರು. ಯಾವ ವಾಲ್ವ್? ಸಿಂಕ್ ಕೆಳಗಿನ ಆಂಗಲ್ ಕಾಕ್ ವರ್ಷಗಟ್ಟಲೆ ತಿರುಗಿಸದೆ ಉಪ್ಪು ಹಿಡಿದು ಬಿಗಿದುಕೊಂಡಿತ್ತು. ತಾರಸಿಗೆ ಓಡಿದರೆ ಬಾಗಿಲಿಗೆ ಬೀಗ. ಬೀಗದ ಕೈ ಹುಡುಕಿ ತೆಗೆದು ನೋಡಿದರೆ ಟ್ಯಾಂಕಿನ ಕೆಳಗೆ ಒಂದೇ ತರಹದ ಆರು ಪೈಪು, ಆರು ವಾಲ್ವು, ಒಂದರ ಮೇಲೂ ಹೆಸರಿಲ್ಲ. ನಿಮಿಷಕ್ಕೆ 12 ಲೀಟರ್ ಹಿಡಿದರೂ ನಲವತ್ತು ನಿಮಿಷದಲ್ಲಿ ಐನೂರು ಲೀಟರ್ ಹತ್ತಿರ ನೀರು ಅಡುಗೆಮನೆಯಿಂದ ಕೋಣೆಗೆ, ಅಲ್ಲಿಂದ ಕೆಳಗಿನ ಮನೆಯ ಚಾವಣಿಗೆ ಇಳಿಯಿತು. ಹಾಳೆ ಬರೆದವನು ನಾನು. ನಂಬರು ಕೊಟ್ಟರೆ ಮುಗಿಯಿತು ಎಂದುಕೊಂಡಿದ್ದೆ.

ಆಮೇಲೆ ಮಾಡಿದ್ದು ಇಷ್ಟು. ಪ್ರತಿ ವಾಲ್ವಿಗೂ ಅಂಕಿ ಕೊರೆದ ಅಲ್ಯೂಮಿನಿಯಂ ಬಿಲ್ಲೆಯನ್ನು ತಂತಿಯಲ್ಲಿ ಕಟ್ಟಿಸಿದೆ. ಕಾಗದ, ಮಾರ್ಕರ್ ಪೆನ್ನು ಬಿಸಿಲಿಗೆ ಅಳಿಸಿಹೋಗುತ್ತವೆ. ಯಾವ ವಾಲ್ವ್ ಯಾವ ಮನೆಯದೆಂದು ಅಂದಾಜಿನಲ್ಲಿ ಬರೆಯಲಿಲ್ಲ; ಒಂದೊಂದನ್ನೇ ಮುಚ್ಚಿ, ಕೆಳಗೆ ಒಬ್ಬರನ್ನು ನಿಲ್ಲಿಸಿ ನಲ್ಲಿ ತೆರೆಸಿ, ಖಚಿತಪಡಿಸಿಕೊಂಡೆವು. ನೀವೂ ಹಾಗೇ ಮಾಡಿ, ಪ್ಲಂಬಿಂಗ್ ನಕ್ಷೆಯನ್ನು ನಂಬಬೇಡಿ. ನಮ್ಮಲ್ಲಿ ಎರಡು ಮನೆಯ ಅಡುಗೆಮನೆಗಳು ಒಂದೇ ಪೈಪಿನಲ್ಲಿದ್ದವು, ಅದು ನಕ್ಷೆಯಲ್ಲಿರಲಿಲ್ಲ. ಹಾಳೆಯಲ್ಲಿ ಮುಚ್ಚುವ ಬಗೆಯನ್ನೂ ಬರೆದೆ: ಉದ್ದ ಹಿಡಿಯ ವಾಲ್ವ್ ಆದರೆ ಹಿಡಿ ಪೈಪಿನ ನೇರಕ್ಕಿದ್ದಾಗ ತೆರೆದಿದೆ, ಅಡ್ಡಕ್ಕೆ ತಿರುಗಿಸಿದರೆ ಮುಚ್ಚಿತು; ಚಕ್ರದ ವಾಲ್ವ್ ಆದರೆ ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ನಿಲ್ಲುವವರೆಗೂ ತಿರುಗಿಸಬೇಕು. ತಾರಸಿಯ ಇನ್ನೊಂದು ಬೀಗದ ಕೈ ಎಲ್ಲಿದೆ ಎಂಬುದು ವಾಲ್ವ್ ಸಾಲಿನ ಪಕ್ಕದಲ್ಲೇ ಇದೆ. ಮೂರು ತಿಂಗಳಿಗೊಮ್ಮೆ ಎಲ್ಲ ವಾಲ್ವುಗಳನ್ನೂ ಆಂಗಲ್ ಕಾಕುಗಳನ್ನೂ ಒಮ್ಮೆ ಮುಚ್ಚಿ ತೆರೆಯುತ್ತೇವೆ, ಹಾಗೆ ಮಾಡಿದರೆ ಬಿಗಿದುಕೊಳ್ಳುವುದಿಲ್ಲ.

ರಿಪೇರಿಯ ಪುಟವನ್ನೂ ಇದೇ ಜಾಡಿನಲ್ಲಿ ಬರೆಯಿರಿ. "ಪ್ಲಂಬರ್: ನಂಬರು, ಎಲೆಕ್ಟ್ರಿಷಿಯನ್: ನಂಬರು" ಎಂದು ಕಸುಬಿನ ಹೆಸರಿನಿಂದ ಬರೆದರೆ ಗೋಡೆಯಲ್ಲಿ ತೇವ ಕಂಡವರಿಗೆ ಯಾರನ್ನು ಕರೆಯಬೇಕೆಂದು ತಿಳಿಯುವುದಿಲ್ಲ. ಕಣ್ಣಿಗೆ ಕಾಣುವುದರಿಂದ ಶುರು ಮಾಡಿ: ಏನು ಕಂಡಿತು, ಮೊದಲು ನೀವು ಏನು ಮಾಡಬೇಕು, ಆಮೇಲೆ ಯಾರಿಗೆ ಫೋನ್, ಖರ್ಚು ಯಾರದು. ಒಂದು ಉದಾಹರಣೆ. ಮನೆಯಲ್ಲಿ ಕರೆಂಟು ಹೋಗಿದೆ, ಮೆಟ್ಟಿಲ ದೀಪ ಉರಿಯುತ್ತಿದೆ. ಅಂದರೆ ತೊಂದರೆ ಹೆಚ್ಚಾಗಿ ಮನೆಯೊಳಗೇ ಇರುತ್ತದೆ. ಬಾಗಿಲ ಪಕ್ಕದ ಪೆಟ್ಟಿಗೆಯಲ್ಲಿ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದರೆ ತಾನಾಗಿ ಬೀಳುವ ಸ್ವಿಚ್, ಬಿದ್ದಿದ್ದರೆ ಒಂದೊಂದು ಸಾಲಿಗೆ ಒಂದರಂತೆ ಇರುವ ಚಿಕ್ಕ ಸ್ವಿಚ್ಚುಗಳಾದ ಎಂಸಿಬಿಗಳನ್ನೆಲ್ಲ ಕೆಳಗಿಳಿಸಿ, ಆರ್‌ಸಿಸಿಬಿ ಎತ್ತಿ, ಆಮೇಲೆ ಎಂಸಿಬಿಗಳನ್ನು ಒಂದೊಂದಾಗಿ ಎತ್ತಬೇಕು. ಯಾವುದನ್ನು ಎತ್ತಿದಾಗ ಮತ್ತೆ ಬೀಳುತ್ತದೋ ದೋಷ ಆ ಸಾಲಿನಲ್ಲಿದೆ. ಅದನ್ನು ಕೆಳಗೇ ಬಿಟ್ಟು ಎಲೆಕ್ಟ್ರಿಷಿಯನ್‌ಗೆ "ಗೀಸರ್ ಸಾಲು ಬೀಳುತ್ತಿದೆ" ಎಂದು ಹೇಳಿದರೆ ಅವರು ಬೇಕಾದ ಸಾಮಾನಿನೊಂದಿಗೆ ಬರುತ್ತಾರೆ. ಬೀಳುವುದನ್ನು ಪದೇಪದೇ ಒತ್ತಿ ಎತ್ತಬಾರದು, ಒದ್ದೆ ಕೈಯಲ್ಲಿ ಪೆಟ್ಟಿಗೆ ಮುಟ್ಟಬಾರದು, ಸುಟ್ಟ ವಾಸನೆ ಬಂದರೆ ಈ ಪರೀಕ್ಷೆಗೇ ಇಳಿಯದೆ ಮೇನ್ ಆಫ್ ಮಾಡಿ ಕರೆಯಬೇಕು. ಇಷ್ಟು ಬರೆಯುವ ಮೊದಲು ಯಾವ ಎಂಸಿಬಿ ಯಾವ ಕೋಣೆಯದು ಎಂದು ಪೆಟ್ಟಿಗೆಯಲ್ಲಿ ಚೀಟಿ ಅಂಟಿಸಿರಬೇಕು, ಇಲ್ಲದಿದ್ದರೆ ಈ ಸಾಲುಗಳಿಂದ ಪ್ರಯೋಜನವಿಲ್ಲ.

ಖರ್ಚಿನ ವಿಷಯದಲ್ಲಿ ಕರಾರುಪತ್ರದಲ್ಲಿ ಇರುವುದಕ್ಕೂ ಹಾಳೆಯಲ್ಲಿ ಇರುವುದಕ್ಕೂ ವ್ಯತ್ಯಾಸ ಬರಬಾರದು. ನಾನು ಒಂದು ಸಾಲು ತಪ್ಪದೆ ಸೇರಿಸುತ್ತೇನೆ: ಮಾಲೀಕರು ಫೋನಿಗೆ ಸಿಗದಿದ್ದರೆ ಇಂತಿಷ್ಟು ಮೊತ್ತದವರೆಗಿನ ತುರ್ತು ರಿಪೇರಿಯನ್ನು ಬಾಡಿಗೆದಾರರೇ ಮಾಡಿಸಿ, ಬಿಲ್ಲು ಮತ್ತು ಫೋಟೋ ಕೊಟ್ಟು ಬಾಡಿಗೆಯಲ್ಲಿ ಕಳೆದುಕೊಳ್ಳಬಹುದು. ಮೊತ್ತ ನೀವೇ ಗೊತ್ತುಮಾಡಿ. ಆ ಸಾಲಿಲ್ಲದಿದ್ದರೆ ನಿಮ್ಮ ಅನುಮತಿಗೆ ಕಾಯುತ್ತ ಸೋರಿಕೆ ಇಡೀ ರಾತ್ರಿ ಸೋರುತ್ತದೆ. ಪ್ರತಿ ಕೆಲಸಕ್ಕೂ ಇಬ್ಬರ ನಂಬರಿರಲಿ, ಪಕ್ಕದಲ್ಲಿ ಅವರು ಎಷ್ಟು ಹೊತ್ತಿನವರೆಗೆ ಫೋನ್ ಎತ್ತುತ್ತಾರೆ ಎಂಬುದೂ ಇರಲಿ.

ತುರ್ತು ಸಂಖ್ಯೆಗಳ ಪುಟದಲ್ಲಿ ಎಲ್ಲರೂ ಮರೆಯುವುದು ವಿಳಾಸವನ್ನು. ಆಂಬ್ಯುಲೆನ್ಸಿನ ನಂಬರು ಹೊಸಬರಿಗೂ ಗೊತ್ತಿರುತ್ತದೆ. ತಾವಿರುವ ಮನೆಯ ವಿಳಾಸ ಗೊತ್ತಿರುವುದಿಲ್ಲ, ಗಾಬರಿಯಲ್ಲಿ ನೆನಪಿಗೂ ಬರುವುದಿಲ್ಲ. ಹಾಗಾಗಿ ಫೋನಿನಲ್ಲಿ ಓದಿ ಹೇಳುವಂತೆಯೇ ಬರೆಯಿರಿ: ಮನೆ ನಂಬರು, ಯಾವ ರಸ್ತೆ, ಯಾವ ತಿರುವಿನಿಂದ ಒಳಗೆ ಬರಬೇಕು, ಯಾವ ಗೇಟು, ಎಷ್ಟನೇ ಮಹಡಿ, ಲಿಫ್ಟಿನಲ್ಲಿ ಸ್ಟ್ರೆಚರ್ ಹಿಡಿಯುತ್ತದೆಯೋ ಇಲ್ಲವೋ. ಕೊನೆಯದನ್ನು ಅಳೆದು ನೋಡಿಯೇ ಬರೆಯಬೇಕು. ಅನಿಲದ ವಾಸನೆಗೆ ಮಾತ್ರ ನಂಬರಿಗಿಂತ ಮೊದಲು ಕೆಲಸ ಬರೆಯಿರಿ: ಸ್ವಿಚ್ ಹಾಕಬೇಡಿ, ತೆಗೆಯಲೂ ಬೇಡಿ, ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆರೆದು ಹೊರಗೆ ಬಂದು ಆಮೇಲೆ ಫೋನ್ ಮಾಡಿ. ಸಿಲಿಂಡರ್ ಅನಿಲ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲಿ ನಿಲ್ಲುತ್ತದೆ, ಅದಕ್ಕೆ ಕಿಟಕಿಯೊಂದನ್ನೇ ತೆರೆದರೆ ಸಾಲದು, ಬಾಗಿಲೂ ತೆರೆಯಬೇಕು.

ಪಾರ್ಕಿಂಗಿಗೆ ಜಾಗದ ಅಂಕಿ, ವಾಹನದ ನಂಬರು, ನೆಂಟರ ಗಾಡಿ ಎಲ್ಲಿ ನಿಲ್ಲಿಸಬೇಕು ಎಂಬಷ್ಟು ಸಾಕು. ಜೊತೆಗೆ ಕಂಬದಿಂದ ಕಂಬಕ್ಕೆ ಇರುವ ಅಗಲವನ್ನು ಅಳೆದು ಬರೆಯಿರಿ; ದೊಡ್ಡ ಕಾರಿರುವವರು ಮುಂಗಡ ಕೊಡುವ ಮೊದಲೇ ನೋಡಿಕೊಳ್ಳುತ್ತಾರೆ. ನೀರಿನ ಪುಟಕ್ಕೆ ತಾಗುವ ಒಂದು ನಿಯಮವಿದೆ, ಅದನ್ನು ದಪ್ಪ ಅಕ್ಷರದಲ್ಲಿ ಹಾಕಿ: ಸಂಪಿನ ಮುಚ್ಚಳದ ಮೇಲೆ ಯಾರೂ ಗಾಡಿ ನಿಲ್ಲಿಸಬಾರದು. ಟ್ಯಾಂಕರ್ ಬಂದು ನಿಂತಿದೆ, ಮುಚ್ಚಳದ ಮೇಲೆ ಕಾರು, ಕಾರಿನವರು ಊರಿಗೆ ಹೋಗಿದ್ದಾರೆ. ಇಂಥ ದಿನ ಎಂಟೂ ಮನೆಯವರಿಗೆ ನೀರಿಲ್ಲ. ನೆಲದ ಮೇಲೆ ಹಳದಿ ಬಣ್ಣದಲ್ಲಿ ಚೌಕ ಬರೆಸಿ. ಮುಚ್ಚಳಕ್ಕೆ ಬೀಗವೂ ಇರಲಿ, ಮಕ್ಕಳು ಆಡುವ ಜಾಗ ಅದು.

ಕಸದ್ದು ಚಿಕ್ಕ ಪುಟ. ಗಾಡಿ ಬರುವ ಹೊತ್ತನ್ನಷ್ಟೇ ಬರೆಯಬೇಡಿ, ಡಬ್ಬ ಹೊರಗಿಡಬೇಕಾದ ಹೊತ್ತನ್ನು ಬರೆಯಿರಿ, ಅವೆರಡೂ ಒಂದೇ ಅಲ್ಲ. ರಾತ್ರಿಯೇ ಇಟ್ಟರೆ ನಾಯಿ ಎಳೆಯುತ್ತದೆ, ಗಾಡಿ ಬಂದ ಮೇಲೆ ಇಟ್ಟರೆ ತಪ್ಪುತ್ತದೆ. ಹಸಿ, ಒಣ ಎಂದರೆ ಎಲ್ಲರಿಗೂ ಗೊತ್ತು; ಸಂಶಯ ಬರುವ ಪದಾರ್ಥಗಳನ್ನು ಹೆಸರಿಸಿ: ಜಿಡ್ಡು ಹಿಡಿದ ರಟ್ಟು, ಒಡೆದ ಗಾಜು, ಸ್ಯಾನಿಟರಿ ಪ್ಯಾಡ್ ಮತ್ತು ಡಯಾಪರ್, ಹಳೆಯ ಬ್ಯಾಟರಿ. ಒಡೆದ ಗಾಜನ್ನು ದಪ್ಪ ಕಾಗದದಲ್ಲಿ ಸುತ್ತಿ ಮೇಲೆ "ಗಾಜು" ಎಂದು ಬರೆಯಲು ಹೇಳಿ, ಅದನ್ನು ಬರಿಗೈಯಲ್ಲಿ ಎತ್ತುವವರಿದ್ದಾರೆ. ಗಾಡಿ ಬರದ ದಿನ ಏನು ಮಾಡಬೇಕೆಂಬ ಒಂದು ಸಾಲು ಸೇರಿದರೆ ಈ ಪುಟ ಪೂರ್ತಿಯಾಯಿತು.

ಒಟ್ಟು ಎರಡು ಹಾಳೆಗಿಂತ ಹೆಚ್ಚು ಬೇಡ. ವಾಲ್ವ್, ಕರೆಂಟು, ಅನಿಲ, ವಿಳಾಸ ಇರುವ ಹಾಳೆಯನ್ನು ಅಡುಗೆಮನೆಯ ಕಪಾಟಿನ ಬಾಗಿಲ ಒಳಬದಿಗೆ ಅಂಟಿಸಿ. ಫೋನಿಗೂ ಕಳಿಸಿ, ಆದರೆ ಫೋನಿನ ಚಾರ್ಜು ಮುಗಿದ ರಾತ್ರಿಗೆ ಅಂಟಿಸಿದ್ದೇ ಗತಿ. ಹಾಳೆಯ ಕೆಳಗೆ ತಾರೀಕು ಹಾಕಿ, ಆರು ತಿಂಗಳಿಗೊಮ್ಮೆ ಅದರಲ್ಲಿರುವ ಪ್ರತಿ ನಂಬರಿಗೂ ನೀವೇ ಒಮ್ಮೆ ಫೋನ್ ಮಾಡಿ ನೋಡಿ.

ಬರೆದಾದ ಮೇಲೆ ಕಟ್ಟಡವನ್ನು ನೋಡಿರದ ನೆಂಟರೊಬ್ಬರ ಕೈಗೆ ಹಾಳೆ ಕೊಟ್ಟು, "ಮೂರನೇ ಮನೆಯ ಅಡುಗೆಮನೆ ನೀರು ನಿಲ್ಲಿಸಿ ಬನ್ನಿ" ಅನ್ನಿ. ನೀವು ಬಾಯಿ ಬಿಡಬೇಡಿ, ಹಿಂದೆ ನಡೆಯಿರಿ ಸಾಕು. ಅವರು ಎಲ್ಲಿ ನಿಂತು ಹಾಳೆಯನ್ನು ಎರಡನೇ ಸಲ ಓದುತ್ತಾರೋ ಆ ಸಾಲನ್ನು ತಿದ್ದಿ. ನಮ್ಮಲ್ಲಿ ಮೊದಲ ಸಲ ಹೀಗೆ ಮಾಡಿದಾಗ ನನ್ನ ತಂಗಿಯ ಮಗ ತಾರಸಿ ಬಾಗಿಲಲ್ಲೇ ಹತ್ತು ನಿಮಿಷ ನಿಂತಿದ್ದ. "ಬೀಗದ ಕೈ ಮೀಟರ್ ಪೆಟ್ಟಿಗೆಯಲ್ಲಿದೆ" ಎಂದು ಬರೆದಿದ್ದೆ. ಎಂಟು ಮೀಟರ್‌ಗಳಿಗೆ ಮೂರು ಪೆಟ್ಟಿಗೆಗಳಿವೆ ಎಂಬುದು ನನಗೆ ಹೊಳೆದಿರಲಿಲ್ಲ. ಈಗ ಹೊಸಬರು ಬೀಗದ ಕೈ ತೆಗೆದುಕೊಳ್ಳುವ ದಿನವೇ ಅವರನ್ನು ತಾರಸಿಗೆ ಕರೆದುಕೊಂಡು ಹೋಗುತ್ತೇನೆ. ಅವರ ವಾಲ್ವನ್ನು ಅವರ ಕೈಯಲ್ಲೇ ಮುಚ್ಚಿಸಿ, ಕೆಳಗಿಳಿದು ನಲ್ಲಿ ತೆರೆದು ನೋಡಲು ಹೇಳಿ, ನೀರು ನಿಂತದ್ದು ಅವರಿಗೇ ಕಂಡ ಮೇಲೆ ಮತ್ತೆ ಮೇಲೆ ಬಂದು ತೆರೆಸುತ್ತೇನೆ. ಐದು ನಿಮಿಷದ ಕೆಲಸ.